ಪಿಂಚಣಿಗೆ ಯಾವ ವರ್ಷ ಲೆಕ್ಕಕ್ಕೆ ಬರುತ್ತದೆ, ಯಾವುದು ಬರುವುದಿಲ್ಲ



ನಿಮ್ಮ ಹಳ್ಳಿಯ ಶಾಖಾ ಅಂಚೆ ಕಚೇರಿಯಲ್ಲಿ ಕಾಗದ ಹಂಚುವವರು ಬಹುಮಟ್ಟಿಗೆ ನಿಮ್ಮವರೇ. ಬೆಳಿಗ್ಗೆ ಹೊಲಕ್ಕೆ ಹೋಗಿ ಬಂದು, ಅನಂತರ ಚೀಲ ಹೆಗಲಿಗೇರಿಸುವ ರೈತರು ಅವರಲ್ಲಿ ಅನೇಕರು. ಹಿಂದೆ ಇವರನ್ನು 'ಇ.ಡಿ. ಏಜೆಂಟ್' ಎಂದು ಕರೆಯುತ್ತಿದ್ದರು, ಈಗ 'ಗ್ರಾಮೀಣ ಡಾಕ್ ಸೇವಕ' ಎನ್ನುತ್ತಾರೆ. ಇವರಲ್ಲಿ ಕೆಲವರು ಇಪ್ಪತ್ತು ವರ್ಷ ದುಡಿದ ಮೇಲೆ ಪರೀಕ್ಷೆಯನ್ನೋ ಹಿರಿತನದ ಸರದಿಯನ್ನೋ ದಾಟಿ ಇಲಾಖೆಯ ಕಾಯಂ ನೌಕರರಾಗುತ್ತಾರೆ. ನಿವೃತ್ತರಾದ ದಿನ, "ಮೂವತ್ತು ವರ್ಷ ಅಂಚೆಯಲ್ಲಿ ದುಡಿದೆ, ಪಿಂಚಣಿ ಇಲ್ಲವೆನ್ನುತ್ತಾರಲ್ಲ" ಎಂದು ಅಂಥವರಲ್ಲಿ ಕೆಲವರು ದಿಗ್ಭ್ರಮೆಗೊಂಡದ್ದುಂಟು. ಹೀಗೇಕೆ ಆಗುತ್ತದೆಂಬುದನ್ನು ನೀವೂ ತಿಳಿದಿರುವುದು ಒಳ್ಳೆಯದು. ನಿಮ್ಮ ಮನೆಯ ಮಗನೋ ಸೊಸೆಯೋ ಇಂಥ ಕೆಲಸಕ್ಕೆ ಸೇರಿರಬಹುದು, ಸೇರಲು ಹೊರಟಿರಬಹುದು.

ಇಲ್ಲಿ ಹೇಳುವುದು ಕೇಂದ್ರ ಸರ್ಕಾರದ ನೌಕರರ ಲೆಕ್ಕ. ರಾಜ್ಯ ಸರ್ಕಾರದ ನೌಕರರಿಗೆ ಬೇರೆ ನಿಯಮಾವಳಿ ಇದೆ.

ಅರ್ಹತಾ ಸೇವೆ ಎಂದರೇನು?

ನೌಕರಿಯಲ್ಲಿ ಕಳೆದ ವರ್ಷಗಳು ಬೇರೆ, ಪಿಂಚಣಿಗೆ ಎಣಿಸುವ ವರ್ಷಗಳು ಬೇರೆ. ಎರಡನೆಯದಕ್ಕೆ 'ಅರ್ಹತಾ ಸೇವೆ' ಎಂದು ಹೆಸರು. ಹಳೆಯ ಪಿಂಚಣಿ ಪದ್ಧತಿಯಲ್ಲಿ ತಿಂಗಳ ಪಿಂಚಣಿ ಸಿಗಬೇಕಾದರೆ ಹತ್ತು ವರ್ಷದ ಅರ್ಹತಾ ಸೇವೆ ಬೇಕು. ಇದು ಹೊಲದ ಪಹಣಿಯಿದ್ದಂತೆ. ಎಷ್ಟು ವರ್ಷದಿಂದ ಉತ್ತು ಬಿತ್ತಿದಿರಿ ಎಂಬುದು ಊರಿಗೆಲ್ಲ ಗೊತ್ತಿದ್ದರೂ ಕಚೇರಿ ನೋಡುವುದು ದಾಖಲೆಯಲ್ಲಿ ಏನು ಬರೆದಿದೆ ಎಂಬುದನ್ನು.

ಹತ್ತು ವರ್ಷ ಎನ್ನುವಲ್ಲಿ ಒಂದು ಸಣ್ಣ ರಿಯಾಯಿತಿ ಇದೆ. ಸೇವೆಯನ್ನು ಆರಾರು ತಿಂಗಳ ಕಂತುಗಳಾಗಿ ಎಣಿಸುತ್ತಾರೆ. ಕೊನೆಯಲ್ಲಿ ಮೂರು ತಿಂಗಳು ಅಥವಾ ಅದಕ್ಕೆ ಮೇಲ್ಪಟ್ಟು ಉಳಿದರೆ ಅದನ್ನು ಪೂರ್ಣ ಕಂತೆಂದು ಹಿಡಿಯುತ್ತಾರೆ, ಮೂರು ತಿಂಗಳಿಗಿಂತ ಕಡಿಮೆಯಾದರೆ ಬಿಟ್ಟುಬಿಡುತ್ತಾರೆ. ಆದ್ದರಿಂದ ಒಂಬತ್ತು ವರ್ಷ ಒಂಬತ್ತು ತಿಂಗಳು ತುಂಬಿದವನಿಗೆ ಹತ್ತು ವರ್ಷ ತುಂಬಿದಂತೆಯೇ.

ಪ್ರೊಬೇಷನ್ ಕಾಲ

ಕೆಲಸಕ್ಕೆ ಸೇರಿದ ಮೊದಲ ಒಂದೆರಡು ವರ್ಷ ನೌಕರನನ್ನು ಪರೀಕ್ಷಾರ್ಥವಾಗಿ ಇಟ್ಟುಕೊಳ್ಳುತ್ತಾರೆ. ಈ ಕಾಲ ಪಿಂಚಣಿಗೆ ಸೇರದೆಂದು ಹಲವರು ಭಾವಿಸಿದ್ದಾರೆ. ಅದು ತಪ್ಪು. ಪ್ರೊಬೇಷನ್ನಿನ ಹಿಂದೆಯೇ ಅದೇ ಹುದ್ದೆಯಲ್ಲೋ ಬೇರೆ ಹುದ್ದೆಯಲ್ಲೋ ಕಾಯಂ ಆದರೆ ಆ ಕಾಲವೆಲ್ಲ ಪೂರ್ತಿಯಾಗಿ ಎಣಿಕೆಗೆ ಬರುತ್ತದೆ. ಆದರೆ ಅಪ್ರೆಂಟಿಸ್ ಆಗಿ ಕೆಲಸ ಕಲಿತ ಕಾಲ ಸಾಮಾನ್ಯವಾಗಿ ಎಣಿಕೆಗೆ ಬರುವುದಿಲ್ಲ. ಪ್ರೊಬೇಷನ್ನಿನವನು ಹುದ್ದೆಯ ಮೇಲೆ ಕುಳಿತವನು, ಅಪ್ರೆಂಟಿಸ್ ಇನ್ನೂ ಕಲಿಯುವವನು. ಎರಡಕ್ಕೂ ಇರುವ ವ್ಯತ್ಯಾಸ ಅದೇ.

ಕರಾರಿನ ಕಾಲ

ಇಷ್ಟು ವರ್ಷಕ್ಕೆಂದು ಸರ್ಕಾರವೇ ಕರಾರಿನ ಮೇಲೆ ನೇಮಿಸಿಕೊಂಡು, ಮಧ್ಯೆ ಬಿಡುವಿಲ್ಲದೆ ಪಿಂಚಣಿಯುಳ್ಳ ಹುದ್ದೆಗೆ ಕಾಯಂ ಮಾಡಿದರೆ, ನೌಕರನಿಗೆ ಎರಡು ದಾರಿ ಇವೆ. ಕರಾರಿನ ಕಾಲದಲ್ಲಿ ಭವಿಷ್ಯ ನಿಧಿಗೆ ಸರ್ಕಾರ ಕಟ್ಟಿದ ಹಣವನ್ನು ತಾನೇ ಇಟ್ಟುಕೊಂಡು ಆ ವರ್ಷಗಳನ್ನು ಬಿಟ್ಟುಕೊಡುವುದು ಒಂದು. ಆ ಹಣವನ್ನು ಹಿಂದಿರುಗಿಸಿ ವರ್ಷಗಳನ್ನು ಸೇರಿಸಿಕೊಳ್ಳುವುದು ಇನ್ನೊಂದು.

ಇಲ್ಲಿ ಎಡವುವವರು ಬಹಳ. 1972ರ ಪಿಂಚಣಿ ನಿಯಮಗಳಲ್ಲಿ ಈ ಆಯ್ಕೆಯನ್ನು ಬರೆದುಕೊಡಲು ಮೂರು ತಿಂಗಳ ಗಡುವಿಟ್ಟಿದ್ದರು. ನೌಕರ ಸುಮ್ಮನಿದ್ದರೆ ಹಣವನ್ನೇ ಆರಿಸಿಕೊಂಡನೆಂದು ತಿಳಿಯುತ್ತಿದ್ದರು, ವರ್ಷಗಳು ಹೋದಂತೆಯೇ. ಹಿಮಾಚಲ ಪ್ರದೇಶದ ಕರಾರು ನೌಕರರ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 2023ರಲ್ಲಿ, ಕರಾರಿನ ಸೇವೆಯ ಹಿಂದೆ ಕಾಯಮಾತಿ ಬಂದಿದ್ದರೆ ಆ ಕರಾರಿನ ವರ್ಷಗಳನ್ನು ಪಿಂಚಣಿಗೆ ಎಣಿಸಬೇಕೆಂದು ಎತ್ತಿಹಿಡಿಯಿತು.

ಒಂದು ಮಾತು ನೆನಪಿರಲಿ. ಗುತ್ತಿಗೆದಾರನ ಅಥವಾ ಏಜೆನ್ಸಿಯ ಮೂಲಕ ಕಚೇರಿಗೆ ಕಳಿಸಲ್ಪಟ್ಟವನು ಈ ನಿಯಮದ 'ಕರಾರು ನೌಕರ' ಅಲ್ಲ. ಅವನ ಯಜಮಾನ ಏಜೆನ್ಸಿ, ಸರ್ಕಾರವಲ್ಲ. ಕೂತು ದುಡಿದದ್ದು ಸರ್ಕಾರಿ ಕಟ್ಟಡದಲ್ಲೇ ಆದರೂ ಆ ವರ್ಷಗಳು ಲೆಕ್ಕಕ್ಕೆ ಬರುವುದಿಲ್ಲ. ನೇಮಕದ ಆದೇಶಕ್ಕೆ ರುಜು ಹಾಕಿದವರು ಯಾರೆಂದು ನೋಡಿದರೆ ಇದು ತಿಳಿಯುತ್ತದೆ.

ದಿನಗೂಲಿ ಮತ್ತು ಅರೆಕಾಲಿಕ ಕೆಲಸ

ಕಚೇರಿಯ ಸಾದಿಲ್ವಾರು ಹಣದಿಂದ ಕೂಲಿ ಪಡೆದು ದುಡಿದ ಮಜೂರನ ಸೇವೆಯಲ್ಲಿ ಅರ್ಧವನ್ನು ಎಣಿಸಬಹುದೆಂದು 1968ರಲ್ಲಿ ಕೇಂದ್ರ ಸರ್ಕಾರ ಆದೇಶ ಮಾಡಿತು. ಅದಕ್ಕೆ ಷರತ್ತುಗಳಿವೆ. ಕೆಲಸ ಪೂರ್ಣಾವಧಿಯದಾಗಿರಬೇಕು. ಕಾಯಂ ಹುದ್ದೆ ಮಂಜೂರು ಮಾಡಬಹುದಾದ ಬಗೆಯ ಕೆಲಸವಾಗಿರಬೇಕು. ಎಡೆಬಿಡದೆ ನಡೆದು, ಅದರ ಹಿಂದೆಯೇ ಕಾಯಂ ನೇಮಕ ಬಂದಿರಬೇಕು. ಕೂಲಿ ಕೊಟ್ಟ ದಾಖಲೆ ಕಚೇರಿಯಲ್ಲಿರಬೇಕು.

ಮೊದಲನೆಯ ಷರತ್ತನ್ನು ಇನ್ನೊಮ್ಮೆ ನೋಡಿ. ಪೂರ್ಣಾವಧಿಯ ಮಜೂರನಿಗೆ ಎರಡು ವರ್ಷಕ್ಕೆ ಒಂದು ವರ್ಷ ಸಿಗುತ್ತದೆ. ಅರೆಕಾಲಿಕನಿಗೆ ಅರ್ಧವೂ ಇಲ್ಲ, ಕಾಲೂ ಇಲ್ಲ. ನಾಲ್ಕು ಗಂಟೆ ದುಡಿದವನಿಗೆ ಅರ್ಧ ವರ್ಷವಾದರೂ ಸಿಗಬೇಕಲ್ಲವೇ ಎಂದು ನಮಗೆ ತೋರುವುದು ಸಹಜ. ನಿಯಮದಲ್ಲಿ ಆ ಬಗೆಯ ಲೆಕ್ಕವಿಲ್ಲ.

ಗ್ರಾಮೀಣ ಡಾಕ್ ಸೇವಕರ ಗತಿ ಇಲ್ಲೇ ನಿರ್ಧಾರವಾಗುತ್ತದೆ. ಅವರ ಕೆಲಸ ದಿನಕ್ಕೆ ನಾಲ್ಕೈದು ಗಂಟೆಯದು. ಅವರಿಗೆ ಬೇರೆಯೇ ನಿಯಮಾವಳಿ ಇದೆ, ಮತ್ತು ಜೀವನಕ್ಕೆ ಬೇರೊಂದು ಆಧಾರವಿರಬೇಕೆಂದು ಆ ಪದ್ಧತಿಯೇ ಎಣಿಸಿತ್ತು. ಹೊಲ ಉಳುವ ರೈತನಿಗೆ ಆ ಕೆಲಸ ಸಿಕ್ಕಿದ್ದು ಹೀಗೆ, ಪಿಂಚಣಿ ತಪ್ಪಿದ್ದೂ ಇದೇ ಕಾರಣದಿಂದ. ಡಾಕ್ ಸೇವಕರಾಗಿದ್ದ ವರ್ಷಗಳನ್ನು ಕಾಯಂ ಸೇವೆಯ ಜೊತೆ ಸೇರಿಸಿ ಹತ್ತು ವರ್ಷ ತುಂಬಿಸಬಹುದೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯಿತು. ಗಂಡಿಬಾ ಬೆಹೆರಾ ಎಂಬವರ ಮೊಕದ್ದಮೆಯಲ್ಲಿ 2019ರ ನವೆಂಬರಿನಲ್ಲಿ ಕೋರ್ಟು ತೀರ್ಪು ಕೊಟ್ಟು, ಎರಡೂ ಬೇರೆ ಬೇರೆ ಸೇವೆಗಳು, ಸೇರಿಸಲು ಬಾರದು ಎಂದಿತು. ಆದರೆ ನಿಯಮವನ್ನು ಸಡಿಲಿಸುವ ಅಧಿಕಾರ ಸರ್ಕಾರಕ್ಕಿರುವುದರಿಂದ ಆ ನೌಕರರ ಕೊರತೆಯನ್ನು ಆ ದೃಷ್ಟಿಯಿಂದ ಪರಿಶೀಲಿಸಬೇಕೆಂದೂ ಸೂಚಿಸಿತು.

ಒಂದು ಲೆಕ್ಕ ಮಾಡಿ ನೋಡೋಣ

ಒಬ್ಬಾತ 1978ರಲ್ಲಿ ತನ್ನ ಊರಿನಲ್ಲಿ ಅರೆಕಾಲಿಕವಾಗಿ ಕಾಗದ ಹಂಚಲು ಸೇರಿದನೆನ್ನಿ. ಇಪ್ಪತ್ತನಾಲ್ಕು ವರ್ಷ ಕಳೆದ ಮೇಲೆ, 2002ರ ಅಕ್ಟೋಬರ್ 10ರಂದು, ಕಾಯಂ ಹುದ್ದೆಗೆ ಬಂದ. ಅರವತ್ತು ತುಂಬಿ 2012ರ ಜೂನ್ 30ರಂದು ನಿವೃತ್ತನಾದ. ಎಲ್ಲ ಸೇರಿದರೆ ದುಡಿದದ್ದು ಮೂವತ್ತಮೂರು ವರ್ಷಕ್ಕೂ ಮಿಕ್ಕಿ.

ಕಚೇರಿಯವರು ಎಣಿಸುವುದು ಕೊನೆಯ ಭಾಗವನ್ನು ಮಾತ್ರ. ಅದು ಒಂಬತ್ತು ವರ್ಷ, ಎಂಟು ತಿಂಗಳು, ಇಪ್ಪತ್ತೊಂದು ದಿನ. ಒಂಬತ್ತು ವರ್ಷ ಒಂಬತ್ತು ತಿಂಗಳಿಗೆ ಒಂಬತ್ತು ದಿನ ಕಡಿಮೆ! ಕಂತುಗಳು ಇಪ್ಪತ್ತಾಗದೆ ಹತ್ತೊಂಬತ್ತಕ್ಕೆ ನಿಂತವು. ಪಿಂಚಣಿ ಇಲ್ಲ.

ಆಗ ಅವನಿಗೆ ದೊರೆಯುವುದು ಸೇವಾ ಉಪದಾನ, ಕಂತಿಗೆ ಅರ್ಧ ತಿಂಗಳ ಸಂಬಳದಂತೆ. ಸಂಬಳ 10,000 ರೂಪಾಯಿ ಎಂದಿಟ್ಟುಕೊಂಡರೆ 95,000 ರೂಪಾಯಿ ಒಂದೇ ಸಲ. ನಿವೃತ್ತಿ ಉಪದಾನ ಬೇರೆ ಬರುತ್ತದೆ. ಹತ್ತು ವರ್ಷ ತುಂಬಿದ್ದರೆ ತಿಂಗಳಿಗೆ ಸಂಬಳದ ಅರ್ಧ, ಅಂದರೆ 5,000 ರೂಪಾಯಿ, ಜೊತೆಗೆ ತುಟ್ಟಿಭತ್ಯೆ, ಬದುಕಿರುವ ತನಕ ಬರುತ್ತಿತ್ತು. ಎರಡು ವರ್ಷವೂ ತುಂಬುವ ಮುನ್ನ ಆ 95,000 ತೀರಿಹೋಗುವ ಲೆಕ್ಕ ಇದು. ಅವನೇ ಪಿಂಚಣಿದಾರನಲ್ಲವಾದ್ದರಿಂದ ಅವನ ಕಾಲಾನಂತರ ಹೆಂಡತಿಗೆ ಕುಟುಂಬ ಪಿಂಚಣಿಯೂ ಇಲ್ಲ.

ಈಗ ಇನ್ನೊಬ್ಬನನ್ನು ನೋಡಿ. ಇವನೂ ಅದೇ ದಿನ ಕಾಯಂ ಆದವನು, ಅದೇ ದಿನ ನಿವೃತ್ತನಾದವನು. ಆದರೆ ಅದಕ್ಕೆ ಮೊದಲು ನಾಲ್ಕು ವರ್ಷ ಅಂಚೆ ಕಚೇರಿಯಲ್ಲೇ ಪೂರ್ಣಾವಧಿಯ ಮಜೂರನಾಗಿ ಬಿಡುವಿಲ್ಲದೆ ದುಡಿದಿದ್ದ. ನಾಲ್ಕರಲ್ಲಿ ಎರಡು ವರ್ಷ ಸೇರಿತು. ಅವನ ಸೇವೆ ಹನ್ನೊಂದು ವರ್ಷ ದಾಟಿ ಪಿಂಚಣಿ ಸಿಕ್ಕಿತು. ಮೂವತ್ತಮೂರು ವರ್ಷದವನಿಗೆ ಇಲ್ಲದ್ದು ಹದಿನಾಲ್ಕು ವರ್ಷದವನಿಗೆ ದೊರೆತದ್ದು ಹೀಗೆ.

ಮೊದಲೇ ತಿಳಿದುಕೊಳ್ಳುವುದು ಹೇಗೆ?

ಎಲ್ಲವೂ ಸೇವಾ ಪುಸ್ತಕದಲ್ಲಿರುತ್ತದೆ. ವರ್ಷಕ್ಕೊಮ್ಮೆ ಅದನ್ನು ನೋಡಿ ರುಜು ಹಾಕುವ ಹಕ್ಕು ನೌಕರನಿಗಿದೆ. ಹದಿನೆಂಟು ವರ್ಷ ಸೇವೆಯಾದಾಗ ಅಥವಾ ನಿವೃತ್ತಿಗೆ ಐದು ವರ್ಷವಿರುವಾಗ ಕಚೇರಿ ಸೇವೆಯನ್ನು ಪರಿಶೀಲಿಸಿ, ಎಷ್ಟು ಅರ್ಹತಾ ಸೇವೆ ಇದೆಯೆಂದು ಬರೆದುಕೊಡಬೇಕು. ಕೊಡದಿದ್ದರೆ ಅರ್ಜಿ ಹಾಕಿ ಕೇಳಬೇಕು. ಮಜೂರಿಯ ಕಾಲ ಬಿಟ್ಟುಹೋಗಿದ್ದರೆ ಆಗಲೇ ಹಳೆಯ ಕೂಲಿ ಪಟ್ಟಿಯನ್ನು ಹುಡುಕಿಸಬಹುದು. ನಿವೃತ್ತಿಯಾದ ಮೇಲೆ ಆ ಕಾಗದ ಸಿಗುವುದು ಕಷ್ಟ.

ಒಂದು ಸರ್ಕಾರಿ ಕೆಲಸ ಬಿಟ್ಟು ಇನ್ನೊಂದಕ್ಕೆ ಹೋಗುವವರು ಸುಮ್ಮನೆ ರಾಜೀನಾಮೆ ಬರೆದುಕೊಡಬಾರದು. ರಾಜೀನಾಮೆ ಕೊಟ್ಟರೆ ಹಿಂದಿನ ಸೇವೆಯೆಲ್ಲ ಕಳೆದುಹೋಗುತ್ತದೆ. ಇಲಾಖೆಯ ಅನುಮತಿಯಿಂದ ಹೊಸ ಹುದ್ದೆಗೆ ಅರ್ಜಿ ಹಾಕಿ, ಅದಕ್ಕೆ ಸೇರುವ ಸಲುವಾಗಿಯೇ ಬಿಡುತ್ತಿರುವುದಾಗಿ ಬರೆದರೆ ಉಳಿಯುತ್ತದೆ.

ಈಚೆಗೆ ಸೇರಿದವರಿಗೆ

ಮೇಲಿನದು ಹಳೆಯ ಪದ್ಧತಿಯವರ ಮಾತು. 2004ರ ಜನವರಿ 1ರಿಂದ ಕೇಂದ್ರದಲ್ಲಿ ಕಾಯಂ ಆಗಿ ಸೇರಿದವರು ಸಾಮಾನ್ಯವಾಗಿ ಹೊಸ ಪಿಂಚಣಿ ಯೋಜನೆಯಲ್ಲಿದ್ದಾರೆ. ಅಲ್ಲಿ ವರ್ಷಕ್ಕಿಂತ ಖಾತೆಯಲ್ಲಿ ಕೂಡಿದ ಹಣ ಮುಖ್ಯ. 2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ಏಕೀಕೃತ ಪಿಂಚಣಿ ಯೋಜನೆಯನ್ನು ಆರಿಸಿಕೊಂಡವರಿಗೆ ಮತ್ತೆ ವರ್ಷಗಳ ಲೆಕ್ಕ ಬಂದಿದೆ. ಹತ್ತು ವರ್ಷದ ಅರ್ಹತಾ ಸೇವೆ ಇದ್ದರೆ ತಿಂಗಳಿಗೆ ಕನಿಷ್ಠ 10,000 ರೂಪಾಯಿ ಎಂದು ಅದರಲ್ಲಿ ಭರವಸೆ ಕೊಟ್ಟಿದ್ದಾರೆ.

ಡಾಕ್ ಸೇವಕರಾಗಿಯೇ ಉಳಿಯುವವರಿಗೆ 2011ರಿಂದ ಪ್ರತ್ಯೇಕ ಸೇವಾ ಬಿಡುಗಡೆ ಸೌಲಭ್ಯ ಯೋಜನೆ ಇದೆ. ಅದು ಸರ್ಕಾರಿ ನೌಕರನ ಪಿಂಚಣಿಗೆ ಸಮವಲ್ಲ. ನಿಮ್ಮ ಮನೆಯವರು ಈ ಕೆಲಸಕ್ಕೆ ಸೇರುವಾಗ, ಕಾಯಂ ಹುದ್ದೆಯ ಪರೀಕ್ಷೆಗೆ ಎಷ್ಟು ಬೇಗ ಕೂರಬಹುದೆಂದು ಅಂಚೆ ಉಪವಿಭಾಗದ ಇನ್ಸ್‌ಪೆಕ್ಟರರನ್ನು ವಿಚಾರಿಸಿ. ಕಾಯಂ ಆದ ದಿನದಿಂದ ನಿವೃತ್ತಿಯ ದಿನದವರೆಗೆ ಹತ್ತು ವರ್ಷ ತುಂಬುತ್ತದೆಯೇ ಎಂದು ಅಂದೇ ಬೆರಳೆಣಿಸಿ ನೋಡಿಕೊಳ್ಳಿ.