ಏಳು ಸಾವಿರದ ಡಿಸ್ಪ್ಲೇ, ಎರಡು ಸಾವಿರದ ಡಿಸ್ಪ್ಲೇ

ಇಪ್ಪತ್ತು ಸಾವಿರ ರೂಪಾಯಿಯ ಫೋನು, ಕೊಂಡು ವರ್ಷ ಕಳೆದಿದೆ. ಕೈಜಾರಿ ಬಿದ್ದು ಪರದೆ ಒಡೆದಿದೆ. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಟೋಕನ್ ಹಿಡಿದು ಕಾದರೆ ಏಳು ಸಾವಿರ ಎನ್ನುತ್ತಾರೆ. ಮೆಜೆಸ್ಟಿಕ್ ಬಳಿಯ ನ್ಯಾಷನಲ್ ಮಾರ್ಕೆಟ್ಟಿನಲ್ಲೋ, ಎಸ್.ಪಿ. ರಸ್ತೆಯಲ್ಲೋ, ಊರಿನ ಬಸ್‌ಸ್ಟ್ಯಾಂಡ್ ಎದುರಿನ ಮೊಬೈಲ್ ಅಂಗಡಿಯಲ್ಲೋ ಕೇಳಿದರೆ, ‘ಎರಡು ಸಾವಿರ ಕೊಡಿ ಸಾರ್, ಅರ್ಧ ಗಂಟೇಲಿ ರೆಡಿ’ ಎಂಬ ಉತ್ತರ. ಈ ಅಂತರ ಕಂಡು ಕೆಲವರು ಕಂಪನಿಯವರು ಸುಲಿಗೆ ಮಾಡುತ್ತಾರೆಂದು ಬೈಯುತ್ತಾರೆ, ಇನ್ನು ಕೆಲವರು ಅಂಗಡಿಯವನು ಟೋಪಿ ಹಾಕುತ್ತಾನೆಂದು ಅನುಮಾನಪಡುತ್ತಾರೆ. ಬಹಳಷ್ಟು ಸಲ ಎರಡೂ ಸರಿಯಲ್ಲ. ಇಬ್ಬರೂ ಹೇಳುತ್ತಿರುವುದು ಬೇರೆ ಬೇರೆ ಸಾಮಾನಿನ ಬೆಲೆ.

ಮೊದಲು ಸರ್ವಿಸ್ ಸೆಂಟರಿನ ಬಿಲ್ಲನ್ನು ಬಿಡಿಸಿ ನೋಡೋಣ. ಡಿಸ್ಪ್ಲೇಗೆ 5,500 ರೂಪಾಯಿ, ಕೂಲಿ 400 ರೂಪಾಯಿ ಎಂದಿಟ್ಟುಕೊಳ್ಳಿ. ಒಟ್ಟು 5,900. ಅದರ ಮೇಲೆ ಶೇ 18ರ ಜಿಎಸ್‌ಟಿ 1,062 ರೂಪಾಯಿ. ಕೈಯಿಂದ ಹೋಗುವುದು 6,962. ಅಂದರೆ ಈ ಬಿಲ್ಲಿನಲ್ಲಿ ರಿಪೇರಿ ಮಾಡಿದವನ ಕೆಲಸದ ಬೆಲೆ ತೀರಾ ಕಡಿಮೆ. ತೆರಿಗೆಯೇ ಅದರ ಎರಡೂವರೆ ಪಟ್ಟು. ಉಳಿದದ್ದೆಲ್ಲ ಪಾರ್ಟಿನ ಬೆಲೆ. ಇತ್ತ ಸಣ್ಣ ಅಂಗಡಿಗಳು ಎಷ್ಟೋ ಜಿಎಸ್‌ಟಿ ನೋಂದಣಿಯ ವ್ಯಾಪ್ತಿಗೇ ಬರುವುದಿಲ್ಲ, ಹಾಗಾಗಿ ಆ ಸಾವಿರ ರೂಪಾಯಿಯ ವ್ಯತ್ಯಾಸ ಮೊದಲೇ ಇದ್ದದ್ದೇ. ಆದರೆ ಇನ್ನೂ ನಾಲ್ಕು ಸಾವಿರದ ಅಂತರ ಉಳಿಯುತ್ತದಲ್ಲ, ಅದರ ಗುಟ್ಟು ಪಾರ್ಟಿನಲ್ಲಿದೆ.

ನಾವು ಗಾಜು ಎನ್ನುವುದು ನಿಜಕ್ಕೂ ಒಂದರ ಮೇಲೊಂದು ಅಂಟಿಸಿದ ಪದರಗಳ ಕಟ್ಟು. ಮೇಲೆ ಗಾಜು, ಅದರ ಕೆಳಗೆ ಬೆರಳನ್ನು ಗುರುತಿಸುವ ಟಚ್ ಪದರ, ಅದರ ಕೆಳಗೆ ಚಿತ್ರ ಮೂಡಿಸುವ ಪ್ಯಾನೆಲ್. ರಿಪೇರಿ ಅಂಗಡಿಯವರು ಈ ಇಡೀ ಕಟ್ಟನ್ನು ಫೋಲ್ಡರ್ ಅಥವಾ ಕಾಂಬೊ ಎನ್ನುತ್ತಾರೆ. ಸರ್ವಿಸ್ ಸೆಂಟರಿನಲ್ಲಿ ಬರೀ ಗಾಜು ಬದಲಿಸುವ ಪದ್ಧತಿ ಸಾಮಾನ್ಯವಾಗಿ ಇಲ್ಲ. ಕಾಂಬೊ ಪೂರ್ತಿ ಹೊಸದಾಗುತ್ತದೆ. ಕೆಲವು ಮಾದರಿಗಳಲ್ಲಿ ಅದು ಫ್ರೇಮಿಗೆ ಅಂಟಿಕೊಂಡೇ ಬರುತ್ತದೆ, ಇನ್ನು ಕೆಲವದರಲ್ಲಿ ಬ್ಯಾಟರಿಯೂ ಜೊತೆಗಿರುತ್ತದೆ. ಬಿಲ್ಲು ಏರುವುದಕ್ಕೆ ಇದೂ ಒಂದು ಕಾರಣ.

ಅಂಗಡಿಯವನು ಕೇಳುವ ಮೊದಲ ಪ್ರಶ್ನೆಯೇ ‘ಕಾಪಿ ಹಾಕ್ಲಾ, ಒರಿಜಿನಲ್ ಹಾಕ್ಲಾ?’ ಎಂದು. ಗಿರಾಕಿ ಹೆಚ್ಚಾಗಿ ಬೆಲೆ ನೋಡಿ ಉತ್ತರಿಸುತ್ತಾನೆ. ಇಲ್ಲಿ ಕೊಂಚ ನಿಲ್ಲಬೇಕು, ಏಕೆಂದರೆ ಅಂಗಡಿಯಲ್ಲಿ ಒರಿಜಿನಲ್ ಎನ್ನುವುದೂ ಒಂದೇ ಬಗೆಯದಲ್ಲ. ಕಂಪನಿಯೇ ಸರ್ವಿಸ್‌ಗೆಂದು ಪೆಟ್ಟಿಗೆಯಲ್ಲಿ ಕೊಡುವ ಪಾರ್ಟ್ ಒಂದು. ಕೆಟ್ಟುಹೋದ ಬೇರೆ ಫೋನಿನಿಂದ ಬಿಚ್ಚಿ ತೆಗೆದ ಡಿಸ್ಪ್ಲೇ ಇನ್ನೊಂದು. ಅದು ಕಂಪನಿಯದ್ದೇ ಹೌದು, ಆದರೆ ಎಷ್ಟು ವರ್ಷ ಉರಿದಿದೆ ಎಂದು ಗೊತ್ತಾಗುವುದಿಲ್ಲ. ಗಾಜು ಒಡೆದಿದ್ದ ಹಳೆಯ ಪ್ಯಾನೆಲ್ಲಿಗೆ ಹೊಸ ಗಾಜು ಅಂಟಿಸಿದ್ದು ಮತ್ತೊಂದು. ಈ ಮೂರಕ್ಕೂ ಬಾಯಿಮಾತಿನಲ್ಲಿ ‘ಒರಿಜಿನಲ್’ ಎಂದೇ ಹೇಳಬಹುದು, ಹಾಗೆ ಹೇಳಿದ್ದು ಪೂರ್ತಿ ಸುಳ್ಳೂ ಆಗುವುದಿಲ್ಲ.

ಕಾಪಿಯಲ್ಲಿ ಎರಡು ಮುಖ್ಯ ಜಾತಿ. ಬೇರೆ ತಯಾರಕರು ಮಾಡಿದ ಒಎಲ್ಇಡಿ ಒಂದು, ಇನ್‌ಸೆಲ್ ಎಂದು ಕರೆಯುವ ಎಲ್‌ಸಿಡಿ ಇನ್ನೊಂದು. ಬಿಲ್ಲು ಎರಡು ಸಾವಿರಕ್ಕೆ ಇಳಿಯುವುದು ಹೆಚ್ಚಾಗಿ ಈ ಇನ್‌ಸೆಲ್‌ನಿಂದ. ಒಎಲ್ಇಡಿಯಲ್ಲಿ (ಅಮೋಲೆಡ್ ಎಂದು ಜಾಹೀರಾತಿನಲ್ಲಿ ಬರುವುದೂ ಅದೇ ಕುಲ) ಪ್ರತಿಯೊಂದು ಚುಕ್ಕಿಯೂ ತಾನೇ ಬೆಳಗುತ್ತದೆ. ಎಲ್‌ಸಿಡಿಗೆ ಸ್ವಂತ ಬೆಳಕಿಲ್ಲ. ಹಿಂದೆ ಬ್ಯಾಕ್‌ಲೈಟ್ ಹಾಳೆ ಬೇಕು. ಆ ಹಾಳೆಯಿಂದಾಗಿ ಡಿಸ್ಪ್ಲೇ ದಪ್ಪವಾಗಿ, ಕೆಲವು ಫೋನುಗಳಲ್ಲಿ ಫ್ರೇಮಿನಿಂದ ಕೂದಲೆಳೆಯಷ್ಟು ಮೇಲೆದ್ದು ನಿಲ್ಲುತ್ತದೆ. ಉಗುರಿನಿಂದ ಅಂಚು ಸವರಿದರೆ ತಿಳಿಯುತ್ತದೆ.

ಇದರಿಂದ ಗಿರಾಕಿಗೆ ಬೀಳುವ ದೊಡ್ಡ ಪೆಟ್ಟು ಬಣ್ಣದ್ದಲ್ಲ, ಬೆರಳಚ್ಚಿನದು. ಮಧ್ಯಮ ಬೆಲೆಯ ಅನೇಕ ಫೋನುಗಳಲ್ಲಿ ಫಿಂಗರ್‌ಪ್ರಿಂಟ್ ಸೆನ್ಸರ್ ಪರದೆಯ ಕೆಳಗೇ ಅಡಗಿರುತ್ತದೆ. ಅದು ಪುಟ್ಟ ಕ್ಯಾಮೆರಾ ಇದ್ದಂತೆ. ಪರದೆ ಬೆಳಗಿ, ಆ ಬೆಳಕು ಬೆರಳಿಗೆ ತಾಗಿ, ಚುಕ್ಕಿಗಳ ನಡುವಿನ ಸಂದಿಯಿಂದ ಒಳಗೆ ಹಿಂತಿರುಗಿದಾಗ ಬೆರಳಿನ ಗೆರೆಗಳನ್ನು ಓದುತ್ತದೆ. ಇನ್‌ಸೆಲ್ ಹಾಕಿದರೆ ನಡುವೆ ಬ್ಯಾಕ್‌ಲೈಟ್ ಹಾಳೆ ಅಡ್ಡ ನಿಲ್ಲುತ್ತದೆ. ಸೆನ್ಸರ್ ಕೆಟ್ಟಿರುವುದಿಲ್ಲ, ಅದಕ್ಕೆ ಏನೂ ಕಾಣುವುದಿಲ್ಲ ಅಷ್ಟೇ. ಮನೆಗೆ ಹೋದ ಮೇಲೆ ಗಿರಾಕಿ ಬೆರಳು ಒತ್ತಿ ಒತ್ತಿ ಸೋಲುತ್ತಾನೆ, ಬ್ಯಾಂಕಿನ ಆ್ಯಪ್ ಪ್ರತಿ ಸಲ ಪಿನ್ ಕೇಳುತ್ತದೆ. ವಾಪಸು ಅಂಗಡಿಗೆ ಹೋದರೆ ‘ಸೆಟ್ಟಿಂಗ್ಸ್ ಪ್ರಾಬ್ಲಮ್ಮು’ ಎಂಬ ಸಮಾಧಾನ ಸಿಗಬಹುದು. ಅದು ಸೆಟ್ಟಿಂಗ್ಸಿನಿಂದ ಸರಿಹೋಗುವ ದೋಷವಲ್ಲ. ಸೆನ್ಸರ್ ಪಕ್ಕದ ಗುಂಡಿಯಲ್ಲೋ ಹಿಂಬದಿಯಲ್ಲೋ ಇರುವ ಫೋನಿಗೆ ಈ ತೊಂದರೆ ಇಲ್ಲ.

ಹಾಕಿದ್ದು ಯಾವುದು ಎಂದು ಪತ್ತೆ ಮಾಡಲು ಯಂತ್ರವೇನೂ ಬೇಡ. ಪೂರ್ತಿ ಕಪ್ಪಾದ ಒಂದು ಚಿತ್ರವನ್ನು ಗ್ಯಾಲರಿಯಲ್ಲಿ ಇಟ್ಟುಕೊಂಡು ಹೋಗಿ. ಹೊಸ ಡಿಸ್ಪ್ಲೇ ಕೂರಿಸಿದ ಮೇಲೆ ಬ್ರೈಟ್‌ನೆಸ್ ಪೂರ್ತಿ ಏರಿಸಿ, ಆ ಚಿತ್ರ ತೆರೆದು, ಅಂಗೈ ಮರೆ ಮಾಡಿ ನೋಡಿ. ಒಎಲ್ಇಡಿ ಆಗಿದ್ದರೆ ಫೋನು ಆಫ್ ಆದಷ್ಟು ಕಪ್ಪು. ಇನ್‌ಸೆಲ್ ಆಗಿದ್ದರೆ ಬೂದಿ ಬಣ್ಣದ ಮಂಕು ಹೊಳಪು, ಅಂಚುಗಳಲ್ಲಿ ಇನ್ನಷ್ಟು. ಸ್ಯಾಮ್‌ಸಂಗ್ ಫೋನುಗಳಲ್ಲಿ ಡಯಲರಿನಲ್ಲಿ *#0*# ಒತ್ತಿದರೆ ಪರೀಕ್ಷೆಯ ಮೆನು ತೆರೆಯುತ್ತದೆ. ಅದರಲ್ಲಿ ಕೆಂಪು, ಹಸಿರು, ನೀಲಿ ಪರದೆಗಳನ್ನೂ ಟಚ್ ಎಲ್ಲ ಮೂಲೆಯಲ್ಲಿ ಕೆಲಸ ಮಾಡುತ್ತದೆಯೇ ಎಂಬುದನ್ನೂ ನೋಡಬಹುದು. ಐಫೋನ್ 12 ಮತ್ತು ಅದರ ನಂತರದ ಮಾದರಿಗಳಲ್ಲಿ ಡಿಸ್ಪ್ಲೇ ಬದಲಾಗಿದ್ದರೆ Settings ಒಳಗಿನ General, ಅದರೊಳಗಿನ About ನಲ್ಲಿ ಫೋನೇ ಅದನ್ನು ದಾಖಲಿಸಿ ತೋರಿಸುತ್ತದೆ. ಕಂಪನಿಯದ್ದಲ್ಲದ ಪಾರ್ಟಿದ್ದರೆ ಡಿಸ್ಪ್ಲೇ ಎದುರು Unknown Part ಎಂದು ಬರುತ್ತದೆ. ಸೆಕೆಂಡ್ ಹ್ಯಾಂಡ್ ಐಫೋನ್ ಕೊಳ್ಳುವವರು ಮೊದಲು ತೆರೆದು ನೋಡುವುದು ಆ ಪುಟವನ್ನೇ.

ಮೇಲಿನ ಗಾಜು ಮಾತ್ರ ಒಡೆದು, ಚಿತ್ರ ಚೆನ್ನಾಗಿ ಮೂಡುತ್ತಾ ಟಚ್ ಕೆಲಸ ಮಾಡುತ್ತಿದ್ದರೆ ಮೂರನೆಯ ದಾರಿಯೊಂದಿದೆ: ಗ್ಲಾಸ್ ಚೇಂಜ್. ಫೋನಿನ ಡಿಸ್ಪ್ಲೇಯನ್ನು ಬಿಸಿ ತಟ್ಟೆಯ ಮೇಲಿಟ್ಟು, ಅಂಟು ಮೆತ್ತಗಾದಾಗ ಕೂದಲಿಗಿಂತ ತೆಳುವಾದ ತಂತಿಯನ್ನು ಗಾಜಿಗೂ ಪ್ಯಾನೆಲ್ಲಿಗೂ ನಡುವೆ ಗರಗಸದಂತೆ ಎಳೆದು ಬೇರ್ಪಡಿಸುತ್ತಾರೆ. ಉಳಿದ ಅಂಟನ್ನು ಒರೆಸಿ ತೆಗೆದು, ಪಾರದರ್ಶಕ ಅಂಟಿನ ಹಾಳೆ ಹಾಕಿ, ಹೊಸ ಗಾಜು ಕೂರಿಸಿ, ಒತ್ತಡದ ಯಂತ್ರದಲ್ಲಿಟ್ಟು ಗುಳ್ಳೆ ತೆಗೆಯುತ್ತಾರೆ. ಪ್ಯಾನೆಲ್ ಕಂಪನಿಯದ್ದೇ ಉಳಿಯುವುದರಿಂದ ಬಣ್ಣವೂ ಬೆರಳಚ್ಚೂ ಹಾಗೇ ಇರುತ್ತವೆ, ಖರ್ಚೂ ಕಾಂಬೊಗಿಂತ ಬಹಳ ಕಡಿಮೆ. ಕೈ ಪಳಗಿದವರು ಮಾಡಿದರೆ ಇದಕ್ಕಿಂತ ಒಳ್ಳೆಯ ರಿಪೇರಿ ಇಲ್ಲ. ಆದರೆ ಒಎಲ್ಇಡಿ ಪ್ಯಾನೆಲ್ ತೀರಾ ತೆಳು. ತಂತಿ ಎಳೆಯುವಾಗ ಪ್ಯಾನೆಲ್ಲಿಗೆ ತಾಗಿತೋ, ಪರದೆಯಲ್ಲಿ ಗೆರೆಯೋ ಕಪ್ಪು ಮಚ್ಚೆಯೋ ಮೂಡುತ್ತದೆ, ಆಮೇಲೆ ಪೂರ್ತಿ ಕಾಂಬೊ ಖರ್ಚು ತಪ್ಪದು. ಆದ್ದರಿಂದ ಕೊಡುವ ಮುಂಚೆಯೇ ಕೇಳಬೇಕಾದ ಪ್ರಶ್ನೆ: ‘ಕೆಲಸ ಮಾಡುವಾಗ ಪ್ಯಾನೆಲ್ ಹೋದರೆ ಯಾರ ಜವಾಬ್ದಾರಿ?’ ಹಲವು ಅಂಗಡಿಗಳಲ್ಲಿ ಉತ್ತರ ‘ಕಸ್ಟಮರ್ ರಿಸ್ಕ್’ ಎಂದಿರುತ್ತದೆ. ಈಗಾಗಲೇ ಗೆರೆ, ಮಚ್ಚೆ ಕಾಣಿಸಿಕೊಂಡಿದ್ದರೆ ಗ್ಲಾಸ್ ಚೇಂಜ್ ದುಡ್ಡು ದಂಡ.

ಇನ್ನು ವಾರಂಟಿ. ಬಿದ್ದು ಒಡೆದ ಪರದೆಗೆ ಕಂಪನಿಯ ಮಾಮೂಲಿ ವಾರಂಟಿ ಅನ್ವಯಿಸುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಹೊಸದಾಗಿ ಹಾಕಿದ ಪಾರ್ಟಿಗೆ ಬೇರೆಯೇ ವಾರಂಟಿ ಇರುತ್ತದೆ ಎಂಬುದು ಅಷ್ಟು ಗೊತ್ತಿಲ್ಲ. ಉದಾಹರಣೆಗೆ ಆಪಲ್ ತಾನು ಹಾಕಿದ ಪಾರ್ಟಿಗೆ 90 ದಿನ, ಇಲ್ಲವೇ ಫೋನಿನ ಮೂಲ ವಾರಂಟಿಯಲ್ಲಿ ಉಳಿದ ಅವಧಿ, ಎರಡರಲ್ಲಿ ಯಾವುದು ಹೆಚ್ಚೋ ಅಷ್ಟು ಕಾಲ ಹೊಣೆ ಹೊರುತ್ತದೆ. ಅಂಗಡಿಗಳಲ್ಲಿ ಬಹುಪಾಲು ‘ಟೆಸ್ಟಿಂಗ್ ವಾರಂಟಿ’. ಅಂದರೆ ಕೌಂಟರಿನ ಮುಂದೆ ನಿಂತು ಪರೀಕ್ಷಿಸಿಕೊಳ್ಳಬೇಕು, ಅಂಗಡಿ ಇಳಿದರೆ ಮುಗಿಯಿತು. ಕೆಲವರು ಒಂದರಿಂದ ಮೂರು ತಿಂಗಳ ಮಾತು ಕೊಡುತ್ತಾರೆ. ಡಿಸ್ಪ್ಲೇಯ ಹಿಂಬದಿಗೆ ತಾರೀಖಿನ ಪುಟ್ಟ ಸ್ಟಿಕರ್ ಅಂಟಿಸಿರುತ್ತಾರೆ, ಅದು ಹರಿದಿದ್ದರೆ ವಾರಂಟಿ ಇಲ್ಲ. ಆ ವಾರಂಟಿಯೂ ಟಚ್ ನಿಂತರೆ ಮಾತ್ರ, ಗೆರೆ ಬಂದರೆ ಇಲ್ಲ ಎಂಬ ಷರತ್ತು ಸಾಮಾನ್ಯ.

ಬಾಯಿಮಾತನ್ನು ಕಾಗದಕ್ಕೆ ಇಳಿಸಲು ಕಾನೂನಿನ ಬಲವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ದೋಷವಿರುವ ಸಾಮಾನನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ನಮೂದಿಸಿಲ್ಲದಿದ್ದರೆ 30 ದಿನದೊಳಗೆ, ವಾಪಸು ಪಡೆಯಲು ನಿರಾಕರಿಸುವುದೂ ಅದೇ ಸಾಲಿಗೆ ಸೇರುತ್ತದೆ. ‘ಡಿಸ್ಪ್ಲೇ ಚೇಂಜ್’ ಎಂದಷ್ಟೇ ಬರೆದ ಬಿಲ್ಲಿನಿಂದ ಉಪಯೋಗ ಕಡಿಮೆ. ಫೋನಿನ ಮಾದರಿ, ಡಿಸ್ಪ್ಲೇ ಒಎಲ್ಇಡಿಯೋ ಇನ್‌ಸೆಲ್ಲೋ, ವಾರಂಟಿ ಎಷ್ಟು ದಿನ, ಈ ಮೂರನ್ನು ಬರೆಸಿಕೊಂಡರೆ ಸಾಕು. ತಕರಾರು ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುವಾಗ ಕೈಯಲ್ಲಿ ಆಧಾರವಿರುತ್ತದೆ.

ಫೋನು ಬಿದ್ದೇ ಇಲ್ಲ, ಆದರೂ ಪರದೆಯ ಮೇಲೆ ಉದ್ದಕ್ಕೆ ಹಸಿರು ಗೆರೆ ಬಂದಿದೆ ಎನ್ನುವವರು ಅಂಗಡಿಯ ಮೆಟ್ಟಿಲು ಹತ್ತಲೇಬಾರದು. ಈ ದೂರು ಹೆಚ್ಚಾದಾಗ ಒನ್‌ಪ್ಲಸ್ ಭಾರತದಲ್ಲಿ ಇಂಥ ಡಿಸ್ಪ್ಲೇಗಳನ್ನು ಉಚಿತವಾಗಿ ಬದಲಿಸಿಕೊಡುವುದಾಗಿ ಪ್ರಕಟಿಸಿತು. ಸ್ಯಾಮ್‌ಸಂಗ್ ಕೂಡ 2024ರಲ್ಲಿ ಎಸ್20, ಎಸ್21, ಎಸ್22 ಸರಣಿಯ ಕೆಲವು ಮಾದರಿಗಳಿಗೆ ಗಡುವು ಹಾಕಿ ಒಂದು ಬಾರಿಯ ಉಚಿತ ಬದಲಾವಣೆ ಕೊಟ್ಟಿತು. ಇವೆಲ್ಲ ಅಧಿಕೃತ ಸೆಂಟರಿನಲ್ಲಿ ಮಾತ್ರ. ಹೊರಗೆ ಒಮ್ಮೆ ಬಿಚ್ಚಿದ ಫೋನಿಗೆ ಆ ಬಾಗಿಲು ಬಹುತೇಕ ಮುಚ್ಚಿದಂತೆ.

ಹಾಗಾದರೆ ಎಲ್ಲಿಗೆ? ವಾರಂಟಿಯೊಳಗಿನ ಫೋನು, ಪರದೆಯ ಕೆಳಗೆ ಬೆರಳಚ್ಚು ಇರುವ ಫೋನು, ನೀರು ತಡೆಯುವ ದುಬಾರಿ ಫೋನು ಸರ್ವಿಸ್ ಸೆಂಟರಿಗೇ ಹೋಗಲಿ. ಬಿಚ್ಚಿದ ಮೇಲೆ ಸುತ್ತಲಿನ ಅಂಟಿನ ಪಟ್ಟಿ ಹೊಸದಾಗಿ ಸರಿಯಾಗಿ ಕೂರದಿದ್ದರೆ ನೀರು ಒಳಹೋಗುವುದು ಖಚಿತ. ಮೂರು ನಾಲ್ಕು ವರ್ಷ ಹಳೆಯದಾದ, ಮಾರಿದರೆ ಐದಾರು ಸಾವಿರವೂ ಬರದ ಫೋನಿಗೆ ಏಳು ಸಾವಿರ ಸುರಿಯುವುದರಲ್ಲಿ ಅರ್ಥವಿಲ್ಲ. ಮೂಲದಲ್ಲೇ ಎಲ್‌ಸಿಡಿ ಇದ್ದ ಅಗ್ಗದ ಫೋನಿಗಂತೂ ಅಂಗಡಿಯ ಕಾಂಬೊ ಸಾಕೇ ಸಾಕು, ಅಲ್ಲಿ ಕಳೆದುಕೊಳ್ಳುವುದು ಹೆಚ್ಚೇನಿಲ್ಲ.

ಅಂಗಡಿಗೆ ಹೋದವರು ಒಂದು ಕೆಲಸ ಮರೆಯಬಾರದು. ಹೊಸ ಕಾಂಬೊವನ್ನು ಅಂಟು ಹಾಕುವ ಮೊದಲೇ ಫೋನಿಗೆ ಜೋಡಿಸಿ, ಆನ್ ಮಾಡಿ ತೋರಿಸಲು ಹೇಳಿ. ಕಪ್ಪು ಚಿತ್ರ, ಟಚ್, ಬೆರಳಚ್ಚು ಎಲ್ಲವನ್ನೂ ಆಗಲೇ ನೋಡಿಕೊಳ್ಳಿ. ಕೆಲಸ ಮುಗಿದ ಮೇಲೆ ಒಡೆದ ಹಳೆಯ ಡಿಸ್ಪ್ಲೇಯನ್ನು ಕೇಳಿ ಪಡೆಯಿರಿ. ಗಾಜು ಒಡೆದಿದ್ದರೂ ಚಿತ್ರ ಮೂಡುವ ಒಎಲ್ಇಡಿ ಪ್ಯಾನೆಲ್ಲಿಗೆ ಮಾರುಕಟ್ಟೆಯಲ್ಲಿ ಬೆಲೆಯಿದೆ, ಹೊಸ ಗಾಜು ಅಂಟಿಸಿ ಮಾರುವವರು ಅದನ್ನು ದುಡ್ಡು ಕೊಟ್ಟು ಕೊಳ್ಳುತ್ತಾರೆ. ಅಂಗಡಿಯವನು ಅದನ್ನು ಇಟ್ಟುಕೊಳ್ಳುತ್ತೇನೆ ಎಂದರೆ ಆ ಮೊತ್ತವನ್ನು ಬಿಲ್ಲಿನಲ್ಲಿ ಕಳೆಯಲಿ.