ಇನ್ಸೆಂಟಿವ್ ಲೆಕ್ಕ ತಪ್ಪಿದಾಗ

ಮಾರಾಟ ವಿಭಾಗದ ನೌಕರನ ಇನ್ಸೆಂಟಿವ್ ಮೂರು ಅಂಕಿಗಳ ಮೇಲೆ ನಿಂತಿರುತ್ತದೆ: ಕೊಟ್ಟ ಟಾರ್ಗೆಟ್ ಎಷ್ಟು, ಆದ ನಿವ್ವಳ ಮಾರಾಟ ಎಷ್ಟು, ಆ ಸಾಧನೆಗೆ ಪಾಲಿಸಿಯಲ್ಲಿ ಬರೆದ ದರ ಎಷ್ಟು. ಬಂದ ಹಣ ಕಡಿಮೆ ಎನಿಸಿದರೆ ಈ ಮೂರರಲ್ಲಿ ಯಾವುದು ತಪ್ಪಿದೆ ಎಂದು ಮೊದಲು ಕಂಡುಕೊಳ್ಳಬೇಕು. ‘ಇನ್ಸೆಂಟಿವ್ ಕಡಿಮೆ ಬಂದಿದೆ, ದಯವಿಟ್ಟು ನೋಡಿ’ ಎಂದಷ್ಟೇ ಬರೆದರೆ ‘ಸಿಸ್ಟಮ್ ಪ್ರಕಾರ ಸರಿಯಾಗಿದೆ’ ಎಂಬ ಉತ್ತರ ಬಂದು ವಿಷಯ ಅಲ್ಲಿಗೇ ನಿಲ್ಲುತ್ತದೆ.

ಹೋಲಿಸಬೇಕಾದದ್ದು ಬ್ಯಾಂಕಿಗೆ ಜಮೆಯಾದ ಮೊತ್ತವನ್ನಲ್ಲ, ಪೇ ಸ್ಲಿಪ್‌ನಲ್ಲಿ ತೆರಿಗೆ ಕಡಿತಕ್ಕೆ ಮೊದಲು ಇರುವ ಇನ್ಸೆಂಟಿವ್ ಮೊತ್ತವನ್ನು. ನೌಕರನಿಗೆ ಬರುವ ಇನ್ಸೆಂಟಿವ್ ಆದಾಯ ತೆರಿಗೆಯ ಲೆಕ್ಕದಲ್ಲಿ ಸಂಬಳದ ಭಾಗವೇ ಆದ್ದರಿಂದ, ಅದು ಬಂದ ತಿಂಗಳು ಟಿಡಿಎಸ್ ಹೆಚ್ಚಾಗುವುದು ಸಹಜ.

ದಾವಣಗೆರೆ ಭಾಗ ನೋಡಿಕೊಳ್ಳುವ, ಸೋಪು–ಬಿಸ್ಕತ್ತು ಮಾರುವ ಕಂಪನಿಯ ಸೇಲ್ಸ್ ಆಫೀಸರ್ ಒಬ್ಬನ ಲೆಕ್ಕವನ್ನು ಉದಾಹರಣೆಗೆ ಇಟ್ಟುಕೊಳ್ಳಬಹುದು. ಏಪ್ರಿಲ್–ಜೂನ್ ತ್ರೈಮಾಸಿಕಕ್ಕೆ ಅವನ ಟಾರ್ಗೆಟ್ 60 ಲಕ್ಷ ರೂಪಾಯಿ. ಮೇ ತಿಂಗಳಲ್ಲಿ ಒಬ್ಬ ಡಿಸ್ಟ್ರಿಬ್ಯೂಟರ್ ವ್ಯವಹಾರ ಮುಚ್ಚಿದ್ದರಿಂದ ಏರಿಯಾ ಮ್ಯಾನೇಜರ್ ಅದನ್ನು 54 ಲಕ್ಷಕ್ಕೆ ಇಳಿಸಿ ಹೊಸ ಟಾರ್ಗೆಟ್ ಶೀಟ್ ಕಳಿಸಿದ್ದಾರೆ. ಮೂರು ತಿಂಗಳ ಬಿಲ್ಲಿಂಗ್ 58.5 ಲಕ್ಷ, ವಾಪಸ್ ಬಂದ ಮಾಲು 1.8 ಲಕ್ಷ, ನಿವ್ವಳ ಮಾರಾಟ 56.7 ಲಕ್ಷ. ಪಾಲಿಸಿಯ ಪ್ರಕಾರ ಸಾಧನೆ ಶೇ 90ರಿಂದ 100ರ ಒಳಗಿದ್ದರೆ ನಿವ್ವಳ ಮಾರಾಟದ ಶೇ 1, ಶೇ 100 ಮುಟ್ಟಿದರೆ ಇಡೀ ನಿವ್ವಳ ಮಾರಾಟದ ಮೇಲೆ ಶೇ 1.5. ಕೈಗೆ ಬಂದಿರುವುದು 56,700 ರೂಪಾಯಿ.

ತಪ್ಪು ಎಲ್ಲಿದೆ ಎಂದು ತಿಳಿಯಲು ಲೆಕ್ಕವನ್ನು ಹಿಂದುಮುಂದಾಗಿ ಮಾಡಬೇಕು. 56,700 ಎಂದರೆ 56.7 ಲಕ್ಷದ ಸರಿಯಾಗಿ ಶೇ 1. ಹಾಗಾದರೆ ಮಾರಾಟದ ಅಂಕಿಯಲ್ಲಿ ತಕರಾರಿಲ್ಲ. ಸಾಧನೆಯನ್ನು ಶೇ 100ಕ್ಕಿಂತ ಕೆಳಗೆ ಎಣಿಸಲಾಗಿದೆ. 60 ಲಕ್ಷಕ್ಕೆ ಹೋಲಿಸಿದರೆ ಸಾಧನೆ ಶೇ 94.5, 54 ಲಕ್ಷಕ್ಕೆ ಹೋಲಿಸಿದರೆ ಶೇ 105. ಇಳಿಸಿದ ಟಾರ್ಗೆಟ್ ಸಿಸ್ಟಮ್‌ಗೆ ಏರಿಲ್ಲ ಎಂಬುದು ಇಲ್ಲಿಗೆ ಗೊತ್ತಾಗುತ್ತದೆ. ಬರಬೇಕಾದದ್ದು 85,050, ಬಾಕಿ 28,350 ರೂಪಾಯಿ.

ವಾಪಸ್ ಬಂದ ಮಾಲಿನಲ್ಲಿ 60,000 ರೂಪಾಯಿಯಷ್ಟು ಹಿಂದಿನ ತ್ರೈಮಾಸಿಕದಲ್ಲಿ ಮಾರಿದ್ದು ಎನ್ನೋಣ. ಅದನ್ನೂ ತನ್ನ ಲೆಕ್ಕದಿಂದ ತೆಗೆಯಿರಿ ಎಂದು ಕೇಳುವ ಆಸೆ ಬರಬಹುದು. ಆದರೆ ಮಾಲು ವಾಪಸ್ ಬಂದ ತ್ರೈಮಾಸಿಕದಲ್ಲೇ ಕಳೆಯಬೇಕು ಎಂದು ಪಾಲಿಸಿ ಹೇಳಿದ್ದರೆ ಕಂಪನಿಯ ಲೆಕ್ಕವೇ ಸರಿ. ಅದರಿಂದ ಹೆಚ್ಚಾಗಬಹುದಾದದ್ದು ಕೇವಲ 900 ರೂಪಾಯಿ. ಈ ದುರ್ಬಲ ಬೇಡಿಕೆ ಸೇರಿಸಿದರೆ ಚರ್ಚೆಯೆಲ್ಲ ಅದರ ಸುತ್ತಲೇ ಸುತ್ತಿ, ಗಟ್ಟಿಯಾದ 28,350ರ ವಿಷಯ ಹಿಂದೆ ಬೀಳುತ್ತದೆ. ಬಿಟ್ಟುಬಿಡುವುದೇ ಒಳ್ಳೆಯದು.

ಮೇಲ್ ಚಿಕ್ಕದಾಗಿದ್ದರೆ ಸಾಕು: ಕಂಪನಿ ಬಳಸಿದ ಟಾರ್ಗೆಟ್, ಬಳಸಬೇಕಿದ್ದ ಟಾರ್ಗೆಟ್, ಅನ್ವಯವಾಗುವ ಪಾಲಿಸಿ ಕಲಮು, ವ್ಯತ್ಯಾಸದ ಮೊತ್ತ, ಮರುಲೆಕ್ಕದ ಕೋರಿಕೆ. ಅದರೊಂದಿಗೆ ಮೊದಲ ಟಾರ್ಗೆಟ್ ಶೀಟ್, ಪರಿಷ್ಕೃತ ಶೀಟ್ ಮತ್ತು ಅದನ್ನು ಕಳಿಸಿದ ಮ್ಯಾನೇಜರ್ ಮೇಲ್, ಸಿಸ್ಟಮ್‌ನಿಂದ ತೆಗೆದ ಮಾರಾಟದ ವರದಿ, ಪೇ ಸ್ಲಿಪ್ ಇರಬೇಕು. ಪಾಲಿಸಿಯಾದರೆ ಆ ತ್ರೈಮಾಸಿಕದಲ್ಲಿ ಜಾರಿಯಲ್ಲಿದ್ದ ಪ್ರತಿಯೇ ಬೇಕು. ಹಲವು ಕಂಪನಿಗಳು ವರ್ಷದ ನಡುವೆ ಸ್ಲ್ಯಾಬ್ ಬದಲಿಸುವುದರಿಂದ, ಜುಲೈನ ಪಾಲಿಸಿ ಹಿಡಿದು ಜೂನ್‌ನ ಹಣ ಕೇಳಿದರೆ ಅರ್ಜಿ ಬಿದ್ದುಹೋಗುತ್ತದೆ. ತಕರಾರು ಸಲ್ಲಿಸಲು ದಿನಗಳ ಗಡುವಿದೆಯೇ ಎಂಬುದನ್ನೂ ಅದರಲ್ಲೇ ನೋಡಬೇಕು. ಮೇಲ್ ಮ್ಯಾನೇಜರ್‌ಗೆ ಹೋಗಿ, ಪ್ರತಿ ಎಚ್‌ಆರ್‌ಗೆ ಹೋಗಲಿ. ಆದರೆ ಕಂಪನಿಯ ಮಾರಾಟದ ದತ್ತಾಂಶವನ್ನು ಸ್ವಂತ ಮೇಲ್‌ಗೆ ಕಳಿಸಿಕೊಳ್ಳಬಾರದು. ಗೌಪ್ಯತೆಯ ನಿಯಮ ಮುರಿದ ಆರೋಪ ಮೈಮೇಲೆ ಬಂದೀತು.

ಟಾರ್ಗೆಟ್ ಇಳಿಸಿದ್ದು ಬರೀ ಬಾಯಿಮಾತಿನಲ್ಲಾಗಿದ್ದರೆ ಕಷ್ಟ. ಆಗ ‘ಮೇ ತಿಂಗಳ ಮೀಟಿಂಗ್‌ನಲ್ಲಿ ತಾವು 54 ಲಕ್ಷಕ್ಕೆ ಒಪ್ಪಿದ್ದಿರಿ ಸರ್, ಅದನ್ನು ಖಚಿತಪಡಿಸಿ’ ಎಂದು ಮ್ಯಾನೇಜರ್‌ಗೆ ಬರೆದು ಉತ್ತರ ಪಡೆದ ಮೇಲೆಯೇ ತಕರಾರು ಸಲ್ಲಿಸುವುದು ಕ್ಷೇಮ. ಗಡುವು ಹತ್ತಿರವಿದ್ದರೆ ಮಾತ್ರ ಎರಡನ್ನೂ ಒಟ್ಟಿಗೇ ಕಳಿಸಬೇಕಾಗುತ್ತದೆ. ‘ಇನ್ಸೆಂಟಿವ್ ಆಡಳಿತದ ವಿವೇಚನೆಗೆ ಬಿಟ್ಟದ್ದು’ ಎಂಬ ಸಾಲು ಅನೇಕ ಪಾಲಿಸಿಗಳಲ್ಲಿರುತ್ತದೆ. ಅದು ನೌಕರನ ಪಕ್ಷವನ್ನು ದುರ್ಬಲಗೊಳಿಸುವುದು ನಿಜ. ಆದರೂ ಕಂಪನಿ ತನ್ನದೇ ಸೂತ್ರ ಬಳಸಿ ಹಣ ಕೊಟ್ಟಿರುವಾಗ, ಅದರೊಳಗೆ ತಪ್ಪು ಅಂಕಿ ಸೇರಿದ್ದನ್ನು ವಿವೇಚನೆ ಎಂದು ಕರೆಯಲಾಗದು ಎಂಬ ವಾದ ಉಳಿಯುತ್ತದೆ.

ಒಳಗಿನ ದಾರಿಗಳು ಮುಗಿದ ಮೇಲೆ ಕಾನೂನಿನ ಮೊರೆ ಹೋಗುವುದು ಸಲೀಸಲ್ಲ. 2019ರ ವೇತನ ಸಂಹಿತೆಯು ‘ವೇತನ’ದ ವ್ಯಾಖ್ಯೆಯಿಂದ ಕಮಿಷನ್ ಅನ್ನು ಹೊರಗಿಟ್ಟಿದೆ, ಇಂಥ ಹೊರಗಿಟ್ಟ ಬಾಬ್ತುಗಳು ಒಟ್ಟು ಸಂಭಾವನೆಯ ಅರ್ಧ ಮೀರಿದರೆ, ಮೀರಿದ ಭಾಗ ಮಾತ್ರ ವೇತನಕ್ಕೆ ಸೇರುತ್ತದೆ. ಹಾಗಾಗಿ ಇಂಥ ಬಾಕಿಯನ್ನು ಕೆಲಸದ ಕರಾರಿನ ಆಧಾರದಲ್ಲಿ ಲೀಗಲ್ ನೋಟಿಸ್ ಮೂಲಕ, ನಂತರ ಸಿವಿಲ್ ದಾವೆಯ ಮೂಲಕ ಕೇಳುವ ಸಂದರ್ಭವೇ ಹೆಚ್ಚು. ಅಂಥ ದಾವೆಗೆ ಸಾಮಾನ್ಯವಾಗಿ ಮೂರು ವರ್ಷಗಳ ಕಾಲಮಿತಿ ಇದೆ.