ಪ್ರೀಮಿಯಂನೊಳಗೆ ಸದ್ದಿಲ್ಲದೆ ಸೇರಿದ ಸಾಲುಗಳು

ಆರೋಗ್ಯ ವಿಮೆಯ ಪಾಲಿಸಿ ಕೈಗೆ ಬಂದ ದಿನವೇ ಅದನ್ನು ಮೊದಲಿಂದ ಕೊನೆಯವರೆಗೆ ಓದಿ ಮುಗಿಸುವವರು ಸಿಗುವುದು ಕಷ್ಟ. ಓದಲೇಬೇಕೆಂದೂ ಇಲ್ಲ. ಮೊದಲ ದಿನಕ್ಕೆ ಒಂದು ಹಾಳೆ ಸಾಕು. ‘ಪಾಲಿಸಿ ಶೆಡ್ಯೂಲ್’ ಎಂಬ ತಲೆಬರಹದ ಆ ಹಾಳೆಯಲ್ಲಿ ನೀವು ಕಟ್ಟಿದ ದುಡ್ಡು ಯಾವ ಯಾವುದಕ್ಕೆ ಎಷ್ಟೆಷ್ಟು ಹೋಯಿತು ಎಂದು ಬಿಡಿಸಿ ತೋರಿಸುವ ಕೋಷ್ಟಕ ಇರುತ್ತದೆ. ಮಾರುವವರು ಹೇಳುವುದು ಒಟ್ಟು ಮೊತ್ತವನ್ನು. ಬಿಡಿ ಲೆಕ್ಕ ಹೇಳುವುದು ಆ ಕೋಷ್ಟಕ ಮಾತ್ರ.

ಲೆಕ್ಕಕ್ಕಾಗಿ ದಾವಣಗೆರೆಯ ಒಂದು ಕುಟುಂಬವನ್ನು ಊಹಿಸಿಕೊಳ್ಳೋಣ. ಗಂಡ, ಹೆಂಡತಿ, ಇಬ್ಬರು ಮಕ್ಕಳು. ಎಫ್‌ಡಿ ನವೀಕರಿಸಲು ಬ್ಯಾಂಕಿಗೆ ಹೋದ ಯಜಮಾನರನ್ನು ಅಲ್ಲಿನ ವಿಮಾ ಪ್ರತಿನಿಧಿ ಕೂರಿಸಿಕೊಂಡು, “ನಾಲ್ಕೂ ಜನಕ್ಕೆ ಸೇರಿ ಹತ್ತು ಲಕ್ಷ ಕವರ್ ಸರ್, ವರ್ಷಕ್ಕೆ 27,850 ರೂಪಾಯಿ, ಎಲ್ಲಾ ಇದರಲ್ಲೇ ಬಂತು” ಎನ್ನುತ್ತಾರೆ. ಟ್ಯಾಬ್ಲೆಟ್‌ನಲ್ಲಿ ಅರ್ಜಿ ತುಂಬುವವರೂ ಅವರೇ. ಮೊಬೈಲಿಗೆ ಬಂದ ಓಟಿಪಿ ಹೇಳಿದರೆ ಕೆಲಸ ಮುಗಿಯಿತು. ಮೂರು ದಿನ ಬಿಟ್ಟು ಇಮೇಲ್‌ನಲ್ಲಿ ಬಂದ ಶೆಡ್ಯೂಲ್ ತೆರೆದರೆ ಹೀಗಿದೆ: ಮೂಲ ಪ್ರೀಮಿಯಂ 19,400 ರೂಪಾಯಿ. ಅದರ ಕೆಳಗೆ ಕನ್ಸ್ಯೂಮಬಲ್ಸ್ ಕವರ್ 1,450, ಹಾಸ್ಪಿಟಲ್ ಕ್ಯಾಶ್ 1,900, ಕ್ರಿಟಿಕಲ್ ಇಲ್‌ನೆಸ್ 2,700, ಪರ್ಸನಲ್ ಆಕ್ಸಿಡೆಂಟ್ 2,400.

ಇವರು ಕೇಳಿದ್ದು ಮೊದಲ ಸಾಲನ್ನು ಮಾತ್ರ. ಕೆಳಗಿನ ನಾಲ್ಕು ಸಾಲುಗಳಿಗೆ 8,450 ರೂಪಾಯಿ ಹೋಗಿದೆ.

ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಪಾಲಿಸಿಯಲ್ಲಿ ಅಂತರ್ಗತವಾಗಿಯೇ ಬರುವ ಸೌಲಭ್ಯಗಳಿವೆ. ಆಂಬುಲೆನ್ಸ್ ಖರ್ಚು, ಆಸ್ಪತ್ರೆಗೆ ಸೇರುವ ಮೊದಲಿನ ಮತ್ತು ಬಿಟ್ಟ ನಂತರದ ಖರ್ಚು ಇಂಥವು. ಅವು ಮೂಲ ಪ್ರೀಮಿಯಂನೊಳಗೇ ಇರುತ್ತವೆ, ಬೇಡವೆಂದರೂ ದುಡ್ಡು ಉಳಿಯುವುದಿಲ್ಲ. ತೆಗೆಸಲು ಬರುವುದು ಐಚ್ಛಿಕವಾಗಿ ಸೇರಿಸಿದ್ದನ್ನು ಮಾತ್ರ. ಗುರುತು ಸುಲಭ: ಅದಕ್ಕೆ ಪ್ರತ್ಯೇಕ ಸಾಲು, ಪ್ರತ್ಯೇಕ ಮೊತ್ತ ಇರುತ್ತದೆ. ಇನ್ನೂ ಗಟ್ಟಿಯಾದ ಸುಳಿವು ಯುಐಎನ್ ಎಂಬ ಅಕ್ಷರ-ಅಂಕಿಗಳ ಸಂಕೇತ. ಮಾರುಕಟ್ಟೆಗೆ ಬರುವ ಪ್ರತಿ ವಿಮಾ ಉತ್ಪನ್ನಕ್ಕೂ ಇಂಥದ್ದೊಂದು ಸಂಕೇತ ಇದೆ, ಬಿಡಿಯಾಗಿ ಮಾರುವ ರೈಡರ್ ಮತ್ತು ಆಡ್-ಆನ್‌ಗೂ ಇದೆ. ನಿಮ್ಮ ಕಾಗದಗಳಲ್ಲಿ ಎರಡು ಬೇರೆ ಯುಐಎನ್ ಕಂಡರೆ ನಿಮಗೆ ಮಾರಿದ್ದು ಒಂದಲ್ಲ, ಎರಡು ಸರಕು. ಕೆಲವೊಮ್ಮೆ ಪಾಲಿಸಿ ಸಂಖ್ಯೆಯೇ ಎರಡಿರುತ್ತದೆ, ರಸೀದಿ ಮಾತ್ರ ಒಂದು. ಹಾಗಿದ್ದರೆ ರದ್ದು ಮಾಡಲು ಪತ್ರವನ್ನೂ ಎರಡು ಬರೆಯಬೇಕು.

ತೆರಿಗೆಯ ಸಾಲೂ ಮಾತಾಡುತ್ತದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ಮತ್ತು ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ. ಅದಾದ ಮೇಲೆ ಕೊಂಡ ಪಾಲಿಸಿಯಲ್ಲಿ ಶೇ 18ರ ಜಿಎಸ್‌ಟಿ ಕಂಡರೆ, ನಿಮ್ಮ ಹೆಸರಿನ ಪಾಲಿಸಿಯ ಬದಲು ಯಾವುದೋ ಗುಂಪು ಪಾಲಿಸಿಗೆ ನಿಮ್ಮನ್ನು ಸೇರಿಸಿರಬಹುದೇ ಎಂದು ಕೇಳಿ ನೋಡಬೇಕು.

ಸೇರಿಸಿದ್ದೆಲ್ಲ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಕೈಗವಸು, ಸಿರಿಂಜು, ಮಾಸ್ಕ್, ಪಿಪಿಇ ಕಿಟ್‌ಗಳ ಖರ್ಚನ್ನು ಸಾಮಾನ್ಯ ಪಾಲಿಸಿ ಕೊಡುವುದಿಲ್ಲ, ದೊಡ್ಡ ಶಸ್ತ್ರಚಿಕಿತ್ಸೆಯಲ್ಲಿ ಇವುಗಳ ಬಿಲ್ಲೇ ಸಾವಿರಗಟ್ಟಲೆ ಆಗುತ್ತದೆ. ಹಾಗಾಗಿ 1,450 ರೂಪಾಯಿಯ ಕನ್ಸ್ಯೂಮಬಲ್ಸ್ ಕವರನ್ನು ಉಳಿಸಿಕೊಳ್ಳುವುದು ನನ್ನ ಮಟ್ಟಿಗೆ ಸರಿ. ಹಾಸ್ಪಿಟಲ್ ಕ್ಯಾಶ್ ಹಾಗಲ್ಲ. ಇವರ ಪಾಲಿಸಿಯಲ್ಲಿ ದಿನಕ್ಕೆ 1,000 ರೂಪಾಯಿ, ಮೊದಲ ದಿನ ಲೆಕ್ಕಕ್ಕಿಲ್ಲ. ನಾಲ್ಕು ದಿನ ಮಲಗಿದರೆ ಸಿಗುವುದು ಮೂರು ಸಾವಿರ, ಅದಕ್ಕೆ ಪ್ರತಿ ವರ್ಷ ಕಟ್ಟುವುದು 1,900. ಅಪಘಾತ ವಿಮೆಯ ಅಗತ್ಯ ಇದೆ ಎನಿಸಿದರೂ ಅದನ್ನು ಇಲ್ಲೇ ಕೊಳ್ಳಬೇಕಿಲ್ಲ. ಬ್ಯಾಂಕ್ ಖಾತೆ ಇದ್ದವರಿಗೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ವರ್ಷಕ್ಕೆ 20 ರೂಪಾಯಿಗೆ ಎರಡು ಲಕ್ಷದ ಅಪಘಾತ ರಕ್ಷಣೆ ಕೊಡುತ್ತದೆ. ಅದು ಸಾಲದಿದ್ದರೆ ಬಿಡಿ ಪಾಲಿಸಿಯ ದರ ಕೇಳಿ ಹೋಲಿಸಬಹುದು. ಕ್ರಿಟಿಕಲ್ ಇಲ್‌ನೆಸ್ ವಿಚಾರದಲ್ಲಿ ಅಭಿಪ್ರಾಯಭೇದ ಸಹಜ. ಕ್ಯಾನ್ಸರ್, ಹೃದಯಾಘಾತದಂಥ ಪಟ್ಟಿಯಲ್ಲಿರುವ ಕಾಯಿಲೆ ಪತ್ತೆಯಾದರೆ ಒಂದೇ ಗಂಟಿನ ಹಣ ಕೊಡುವ ಕವರ್ ಅದು. ಆದರೆ ಕೇಳದೆ ಸೇರಿಸಿದ್ದಾದರೆ ಯಾವ ಕಾಯಿಲೆ, ಯಾವ ಹಂತ, ಎಷ್ಟು ದಿನದ ಕಾಯುವಿಕೆ ಎಂದು ಕೊಂಡವರಿಗೇ ಗೊತ್ತಿರುವುದಿಲ್ಲ. ಈ ಕುಟುಂಬ ಮೂರನ್ನೂ ಬೇಡವೆಂದು ತೀರ್ಮಾನಿಸಿತು ಎಂದಿಟ್ಟುಕೊಳ್ಳೋಣ. ಆ ಮೂರರ ಮೊತ್ತ 7,000 ರೂಪಾಯಿ.

ಈ ಹಣವನ್ನು ವಾಪಸ್ ಕೇಳುವ ಹಕ್ಕಿಗೆ ಫ್ರೀ ಲುಕ್ ಅವಧಿ ಎಂದು ಹೆಸರು. ಹಿಂದೆ ಇದು ಸಾಮಾನ್ಯವಾಗಿ 15 ದಿನ ಇತ್ತು, ಆನ್‌ಲೈನ್ ಅಥವಾ ಫೋನ್ ಮೂಲಕ ಕೊಂಡದ್ದಕ್ಕೆ ಮಾತ್ರ 30 ದಿನ. 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ತಂದ ನಿಯಮಗಳ ಪ್ರಕಾರ ಜೀವ ಮತ್ತು ಆರೋಗ್ಯ ವಿಮೆಗಳಿಗೆ ಈಗ 30 ದಿನ. ಒಂದು ವರ್ಷಕ್ಕಿಂತ ಕಡಿಮೆ ಅವಧಿಯ ಪಾಲಿಸಿಗೆ ಇದು ಅನ್ವಯಿಸದು. ದಿನ ಎಣಿಸಬೇಕಾದ್ದು ದುಡ್ಡು ಕಟ್ಟಿದ ದಿನದಿಂದ ಅಲ್ಲ, ಪಾಲಿಸಿ ಕೈಸೇರಿದ ದಿನದಿಂದ. ಇಮೇಲ್‌ಗೆ ಬಂದರೂ ಕೈಸೇರಿದಂತೆಯೇ. ಆದ್ದರಿಂದ ಆ ಇಮೇಲನ್ನು ಅಳಿಸಬೇಡಿ, ಕೊರಿಯರ್‌ನಲ್ಲಿ ಬಂದಿದ್ದರೆ ದಿನಾಂಕವಿರುವ ಲಕೋಟೆಯನ್ನು ಎಸೆಯಬೇಡಿ.

ಹೆಚ್ಚಿನವರು ಈ ಹಕ್ಕನ್ನು ಕಳೆದುಕೊಳ್ಳುವುದು ಗೊತ್ತಿಲ್ಲದೆ ಅಲ್ಲ, ಮಾರಿದವರನ್ನೇ ನಂಬಿ. “ಈಗ ಬೇಡ ಸರ್, ತಿಂಗಳ ಕೊನೆ, ಮುಂದಿನ ವಾರ ನಾನೇ ತೆಗೆಸಿಕೊಡ್ತೀನಿ” ಎಂಬ ಮಾತಿನಲ್ಲಿ 30 ದಿನ ಕಳೆದುಹೋಗುತ್ತದೆ. ಪ್ರತಿನಿಧಿಗೆ ಕಳಿಸಿದ ವಾಟ್ಸಾಪ್ ಸಂದೇಶವನ್ನೇ ನಂಬಿ ಕೂತರೆ ಕಂಪನಿಗೆ ಕೋರಿಕೆ ತಲುಪಿತೆಂದು ಸಾಧಿಸುವುದು ಕಷ್ಟ. ನಿಮ್ಮ ನೋಂದಾಯಿತ ಇಮೇಲ್‌ನಿಂದ, ಪಾಲಿಸಿಯಲ್ಲಿ ಅಚ್ಚಾಗಿರುವ ಕಂಪನಿಯ ಗ್ರಾಹಕ ಸೇವಾ ವಿಳಾಸಕ್ಕೇ ಬರೆಯಬೇಕು, ಸೇವಾ ಕೋರಿಕೆಯ ಸಂಖ್ಯೆಯನ್ನು ಕೇಳಿ ಪಡೆಯಬೇಕು. ಒಕ್ಕಣೆ ಚಿಕ್ಕದಿದ್ದರೆ ಸಾಕು: “ಪಾಲಿಸಿ ಸಂಖ್ಯೆ ಇಂಥದ್ದು ನನಗೆ ಇಂಥ ದಿನಾಂಕದಂದು ತಲುಪಿದೆ. ಹಾಸ್ಪಿಟಲ್ ಕ್ಯಾಶ್, ಕ್ರಿಟಿಕಲ್ ಇಲ್‌ನೆಸ್, ಪರ್ಸನಲ್ ಆಕ್ಸಿಡೆಂಟ್ ಕವರ್‌ಗಳನ್ನು ನಾನು ಕೇಳಿರಲಿಲ್ಲ. ಫ್ರೀ ಲುಕ್ ಅವಧಿಯಲ್ಲಿ ಇವನ್ನು ತೆಗೆದು, ಪರಿಷ್ಕೃತ ಶೆಡ್ಯೂಲ್ ಕಳಿಸಿ, ಪ್ರೀಮಿಯಂ ಹಿಂದಿರುಗಿಸಿ. ಇದು ಸಾಧ್ಯವಿಲ್ಲದಿದ್ದರೆ ಕಾರಣವನ್ನು ಲಿಖಿತವಾಗಿ ತಿಳಿಸಿ.”

ಕೊನೆಯ ವಾಕ್ಯ ಸುಮ್ಮನೆ ಇಟ್ಟದ್ದಲ್ಲ. ಫ್ರೀ ಲುಕ್ ನಿಯಮ ಮೂಲತಃ ಕೊಡುವುದು ಇಡೀ ಪಾಲಿಸಿಯನ್ನು ಹಿಂದಿರುಗಿಸುವ ಹಕ್ಕನ್ನು. ಒಂದೆರಡು ಸಾಲು ಮಾತ್ರ ತೆಗೆದು ಉಳಿದದ್ದನ್ನು ಮುಂದುವರಿಸುವುದು ಕಂಪನಿಯ ವ್ಯವಸ್ಥೆಯನ್ನು ಅವಲಂಬಿಸಿದೆ. ಕೆಲವು ಕಂಪನಿಗಳು ಪಾಲಿಸಿಗೆ ತಿದ್ದುಪಡಿ ಹೊರಡಿಸುತ್ತವೆ, ಇನ್ನು ಕೆಲವು ಪೂರ್ತಿ ರದ್ದು ಮಾಡಿ ಹೊಸದಾಗಿ ಕೊಳ್ಳಿ ಎನ್ನುತ್ತವೆ. ಎರಡನೆಯದಾದರೆ ಬೇರೆ ಪಾಲಿಸಿ ಮಂಜೂರಾಗುವ ಮೊದಲು ಇದನ್ನು ಕೈಬಿಡುವುದು ಅಪಾಯ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದವರ ಹೊಸ ಅರ್ಜಿಯನ್ನು ತಿರಸ್ಕರಿಸುವುದೂ ಉಂಟು. ಹಳೆ ಕಂಪನಿಯಿಂದ ಪೋರ್ಟ್ ಮಾಡಿಸಿಕೊಂಡು ಬಂದವರು ಇನ್ನೂ ಎಚ್ಚರ ವಹಿಸಬೇಕು. ಇಲ್ಲಿ ಪೂರ್ತಿ ರದ್ದು ಮಾಡುವ ಹೊತ್ತಿಗೆ ಹಳೆಯ ಪಾಲಿಸಿ ಮುಗಿದಿರುತ್ತದೆ, ಅಷ್ಟು ವರ್ಷ ಕಾದು ಕಳೆದ ಕಾಯುವಿಕೆಯ ಅವಧಿ ವ್ಯರ್ಥವಾಗಬಹುದು. ಅಂಥವರಿಗೆ ಸಾಲುಗಳನ್ನಷ್ಟೇ ತೆಗೆಸುವ ದಾರಿಯೇ ಕ್ಷೇಮ.

ಪೂರ್ತಿ ದುಡ್ಡು ಬರುತ್ತದೆಯೇ? ಇಲ್ಲ, ಆದರೆ ಕಡಿತ ದೊಡ್ಡದಲ್ಲ. ರಕ್ಷಣೆ ಇದ್ದ ದಿನಗಳ ಪಾಲು, ಕಂಪನಿ ಮಾಡಿಸಿದ ವೈದ್ಯಕೀಯ ತಪಾಸಣೆಯ ಖರ್ಚು, ಸ್ಟ್ಯಾಂಪ್ ಶುಲ್ಕ ಇಷ್ಟನ್ನು ಹಿಡಿಯಬಹುದು. ದಾವಣಗೆರೆಯ ಕುಟುಂಬಕ್ಕೆ ರಕ್ಷಣೆ ಶುರುವಾಗಿ 18 ದಿನಕ್ಕೆ ಮೂರು ಸಾಲುಗಳು ರದ್ದಾದವು ಎನ್ನೋಣ. 7,000ವನ್ನು 365ರಿಂದ ಭಾಗಿಸಿ 18ರಿಂದ ಗುಣಿಸಿದರೆ ಸುಮಾರು 345 ರೂಪಾಯಿ. ಅದು ಹೋಗಿ 6,655 ರೂಪಾಯಿ ಬರಬೇಕು. ‘ಆಡಳಿತ ವೆಚ್ಚ’ ಎಂದೋ ‘ಪ್ರೊಸೆಸಿಂಗ್’ ಎಂದೋ ಇನ್ನಷ್ಟು ಹಿಡಿದಿದ್ದರೆ ಯಾವ ನಿಯಮದಡಿ ಎಂದು ಕೇಳಬೇಕು. ಕೋರಿಕೆ ತಲುಪಿದ ಏಳು ದಿನಗಳಲ್ಲಿ ಹಣ ಮರಳಿಸಬೇಕು. ನಡುವೆ ಕ್ಲೇಮು ಮಾಡಿದ್ದರೆ ಮಾತ್ರ ಈ ದಾರಿ ಮುಚ್ಚಿತೆಂದೇ ತಿಳಿಯಿರಿ.

ಕಂಪನಿ ವಾದ ಹೂಡಿದರೆ ಸಾಮಾನ್ಯವಾಗಿ ಮುಂದಿಡುವುದು ‘ವೆಲ್‌ಕಮ್ ಕಾಲ್’ನ ಧ್ವನಿಮುದ್ರಣವನ್ನು. ಪಾಲಿಸಿ ಕೊಂಡ ಹೊತ್ತಿಗೆ ಬರುವ ಆ ಕರೆಯಲ್ಲಿ ಎಲ್ಲಕ್ಕೂ ‘ಹೌದು’ ಅನ್ನಿ ಎಂದು ಪ್ರತಿನಿಧಿ ಹೇಳಿಕೊಟ್ಟಿರುತ್ತಾರೆ. ಅಂಜಬೇಕಿಲ್ಲ. ಫ್ರೀ ಲುಕ್‌ಗೆ ಮೋಸವಾಯಿತೆಂದು ಸಾಧಿಸುವ ಅಗತ್ಯವೇ ಇಲ್ಲ, ಅವಧಿಯೊಳಗೆ ಬೇಡ ಎಂದರೆ ಸಾಕು. ಜಗ್ಗಾಟ ಮುಂದುವರಿದರೆ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ಅಥವಾ 155255 ಸಂಖ್ಯೆಗೆ ದೂರು ಕೊಡಬಹುದು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಇಲ್ಲವೇ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ಒಂಬುಡ್ಸ್‌ಮನ್ ಇದ್ದಾರೆ, ಕರ್ನಾಟಕದವರಿಗೆ ಬೆಂಗಳೂರಿನಲ್ಲೇ ಕಚೇರಿ.

ಇದೇ ಕತೆ ಗೃಹಸಾಲದಲ್ಲಿ ಹತ್ತು ಪಟ್ಟು ದೊಡ್ಡದಾಗಿ ನಡೆಯುತ್ತದೆ. ಸಾಲಗಾರ ತೀರಿಕೊಂಡರೆ ಸಾಲ ತೀರಿಸುವ ವಿಮೆಯ ಪ್ರೀಮಿಯಂ 92,000 ರೂಪಾಯಿ ಎಂದುಕೊಳ್ಳಿ. ಅದನ್ನು ಕೈಯಿಂದ ಕೇಳುವುದಿಲ್ಲ, ಸಾಲದ ಮೊತ್ತಕ್ಕೇ ಸೇರಿಸುತ್ತಾರೆ. ಶೇ 8.5 ಬಡ್ಡಿಗೆ 20 ವರ್ಷ ತೀರಿಸುವಾಗ ಆ 92,000ಕ್ಕೆ ಒಟ್ಟು ಕಟ್ಟುವುದು ಸುಮಾರು 1.9 ಲಕ್ಷ. 2024ರ ಅಕ್ಟೋಬರ್‌ನಿಂದ ಹೊಸ ಸಾಲಗಳಿಗೆ ಬ್ಯಾಂಕ್ ಕೊಡಬೇಕಾದ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಎಂಬ ಹಾಳೆಯಲ್ಲಿ ಇಂಥ ವಿಮಾ ವೆಚ್ಚವನ್ನೂ ಕಾಣಿಸಬೇಕು, ಅದರಲ್ಲಿ ಇಲ್ಲದ ಶುಲ್ಕವನ್ನು ಸಾಲಗಾರನ ಸ್ಪಷ್ಟ ಒಪ್ಪಿಗೆ ಇಲ್ಲದೆ ಹಿಡಿಯುವಂತಿಲ್ಲ ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಇಂಥ ವಿಮೆ ಬಹುಪಾಲು ಬ್ಯಾಂಕಿನ ಹೆಸರಿನ ಗುಂಪು ಪಾಲಿಸಿ, ನಿಮಗೆ ಸಿಗುವುದು ಸದಸ್ಯತ್ವದ ಪ್ರಮಾಣಪತ್ರ ಮಾತ್ರ. ಫ್ರೀ ಲುಕ್ ಷರತ್ತನ್ನು ಆ ಪ್ರಮಾಣಪತ್ರದಲ್ಲೇ ಹುಡುಕಬೇಕು. ರದ್ದಾದ ಹಣ ಸಾಲದ ಖಾತೆಗೇ ಜಮೆಯಾದರೆ, ಅಸಲು ಇಳಿದಿದೆಯೇ ಎಂದು ಮುಂದಿನ ತಿಂಗಳ ಸ್ಟೇಟ್‌ಮೆಂಟ್‌ನಲ್ಲಿ ನೋಡದೆ ಬಿಡಬೇಡಿ.

ಆರೋಗ್ಯ ವಿಮೆಯ ನವೀಕರಣಕ್ಕೆ ಫ್ರೀ ಲುಕ್ ಇಲ್ಲ, ಅದು ಮೊದಲ ವರ್ಷಕ್ಕೆ ಮಾತ್ರ. ನವೀಕರಣದ ನೋಟಿಸ್‌ನಲ್ಲಿ ಹೊಸ ಸಾಲೊಂದು ಸೇರಿದ್ದರೆ ದುಡ್ಡು ಕಟ್ಟುವ ಮೊದಲೇ ಅದನ್ನು ತೆಗೆಸಿ ಪರಿಷ್ಕೃತ ನೋಟಿಸ್ ಪಡೆಯಬೇಕು. ಪ್ರೀಮಿಯಂ ಖಾತೆಯಿಂದ ತಾನಾಗಿ ಕಡಿತವಾಗುವ ಏರ್ಪಾಡು ಮಾಡಿಕೊಂಡವರು ಕಡಿತದ ದಿನಾಂಕಕ್ಕೆ ಸಾಕಷ್ಟು ಮುಂಚೆಯೇ ನೋಟಿಸ್ ತೆರೆದು ನೋಡಿರಬೇಕು.